ತಾಮ್ರವೋ, ಜಿಐ ಪೈಪೋ, ಕೆಮಿಕಲ್ ಅರ್ಥಿಂಗೋ? ಮೊದಲು ಏಪ್ರಿಲ್ ತಿಂಗಳ ಮಣ್ಣು ನೋಡಿ

ನಮಸ್ಕಾರ. ಹೋದ ವರ್ಷ ಏಪ್ರಿಲ್‌ನಲ್ಲಿ ಶಿರಾ ಕಡೆಯ ಒಂದು ಮನೆಗೆ ಹೋಗಿದ್ದೆ. ಸ್ನಾನದ ಮನೆಯ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತೆ ಅಂತ ಫೋನ್ ಬಂದಿತ್ತು. ಗೀಸರ್ ಕಾಯಿಲ್ ಒಡೆದು ಕರೆಂಟ್ ಲೀಕ್ ಆಗುತ್ತಿತ್ತು. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಎಂಸಿಬಿ, ಮಾತ್ರ ಬಿದ್ದಿರಲಿಲ್ಲ. ಮನೆಗೆ ಅರ್ಥಿಂಗ್ ಇರಲಿಲ್ಲವಾ ಅಂದರೆ, ಇತ್ತು. ಹಿತ್ತಲಲ್ಲಿ ಪಿಟ್, ಮೂರು ಮೀಟರ್ ಜಿಐ ಪೈಪ್ ಅಂದರೆ ಸತುವಿನ ಲೇಪನದ ಕಬ್ಬಿಣದ ಪೈಪ್, ಇದ್ದಿಲು, ಉಪ್ಪು, ಮೇಲೆ ಸಿಮೆಂಟ್ ಮುಚ್ಚಳ, ಎಲ್ಲ ಇತ್ತು. ಕೆಲಸ ಮಾಡಿದವರು ಬಿಲ್ಲಿನ ಹಿಂದೆ ರೀಡಿಂಗ್ ಕೂಡ ಬರೆದುಕೊಟ್ಟಿದ್ದರು: 18 ಓಮ್, ಆಗಸ್ಟ್ ತಿಂಗಳು.

ಓಮ್ ಕಮ್ಮಿ ಇದ್ದಷ್ಟೂ ಅರ್ಥಿಂಗ್ ಒಳ್ಳೆಯದು. ನಾನು ಟೆಸ್ಟರ್ ಹಾಕಿ ನೋಡಿದೆ. 54 ಓಮ್.

ಮನೆ ಯಜಮಾನರು ಕೇಳಿದ ಮೊದಲ ಪ್ರಶ್ನೆಯೇ ಇದು: "ಸಾರ್, ಜಿಐ ಹಾಕಿದ್ದೇ ತಪ್ಪಾಯ್ತಾ? ತಾಮ್ರದ ಪ್ಲೇಟ್ ಹಾಕಿಸಬೇಕಿತ್ತಾ? ಇಲ್ಲಾ ಕೆಮಿಕಲ್ ಅರ್ಥಿಂಗಾ?" ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ನನ್ನ ಕಿವಿಗೆ ಬೀಳುತ್ತೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಲೋಹ ತೀರ್ಮಾನ ಮಾಡೋದು ಅರ್ಥಿಂಗ್ ಎಷ್ಟು ವರ್ಷ ಬಾಳುತ್ತೆ ಅನ್ನೋದನ್ನ. ಎಷ್ಟು ಓಮ್ ಬರುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಮಣ್ಣು ಮತ್ತು ಆಳ. ಅಂಗಡಿಯಲ್ಲಿ ಈ ಎರಡನ್ನೂ ಒಂದೇ ಮಾಡಿ ಮಾರುತ್ತಾರೆ. ಅಲ್ಲೇ ಜನರ ದುಡ್ಡು ಹೋಗೋದು.

ಲೆಕ್ಕ ನೋಡೋಣ. ಕಬ್ಬಿಣಕ್ಕಿಂತ ತಾಮ್ರದಲ್ಲಿ ಕರೆಂಟ್ ಎಷ್ಟೋ ಪಟ್ಟು ಸಲೀಸಾಗಿ ಹರಿಯುತ್ತೆ, ಅದು ನಿಜ. ಆದರೆ ಮೂರು ಮೀಟರ್ ಜಿಐ ಪೈಪಿನ ಸ್ವಂತ ರೆಸಿಸ್ಟೆನ್ಸ್ ಎಷ್ಟು ಗೊತ್ತಾ? ಒಂದು ಓಮ್‌ನ ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಆ ಮನೆಯ 54 ಓಮ್‌ನಲ್ಲಿ ಪೈಪಿನ ಪಾಲು ಅಷ್ಟೇ. ಮಿಕ್ಕಿದ್ದೆಲ್ಲ ಪೈಪಿನ ಸುತ್ತಲಿನ ಮಣ್ಣಿನದು. ಪೈಪ್ ತೆಗೆದು ಅಷ್ಟೇ ಉದ್ದ, ಅಷ್ಟೇ ದಪ್ಪದ ತಾಮ್ರ ಇಟ್ಟರೂ ಮೀಟರ್ 54 ಅಂತಲೇ ತೋರಿಸುತ್ತೆ. ನೆಲಕ್ಕೆ ನೇರವಾಗಿ ಇಳಿಸಿದ ರಾಡಿಗೆ ಬಳಸುವ ಸೂತ್ರ ಇದು:

```
R = ρ / (2πL) × [ ln(8L/d) − 1 ]
```

ρ ಅಂದರೆ ಮಣ್ಣಿನ ರೆಸಿಸ್ಟಿವಿಟಿ, ಮಣ್ಣು ಕರೆಂಟನ್ನ ಎಷ್ಟು ತಡೆಯುತ್ತೆ ಅನ್ನೋ ಅಳತೆ. L ಉದ್ದ, d ದಪ್ಪ. ಇದರಲ್ಲಿ ತಾಮ್ರ, ಜಿಐ ಅನ್ನೋ ಮಾತೇ ಇಲ್ಲ ನೋಡಿ. 40 ಮಿಲಿಮೀಟರ್ ದಪ್ಪ, 3 ಮೀಟರ್ ಉದ್ದದ ಪೈಪ್ ತಗೊಳ್ಳಿ. ಮಣ್ಣು 100 ಓಮ್-ಮೀಟರ್ ಅಂದುಕೊಂಡರೆ 28.6 ಓಮ್ ಬರುತ್ತೆ. ದಪ್ಪ ಎರಡು ಪಟ್ಟು ಮಾಡಿದರೆ 25. ಉದ್ದ ಎರಡು ಪಟ್ಟು ಮಾಡಿದರೆ 16. ದಪ್ಪಕ್ಕೆ ಹಾಕಿದ ದುಡ್ಡು ಹೆಚ್ಚುಕಮ್ಮಿ ವ್ಯರ್ಥ, ಆಳಕ್ಕೆ ಹಾಕಿದ್ದು ಕೆಲಸಕ್ಕೆ ಬರುತ್ತೆ.

ಈಗ ಮಣ್ಣಿಗೆ ಬರೋಣ. ಒಣ ಮಣ್ಣಿನಲ್ಲಿ ಕರೆಂಟ್ ಹರಿಯಲ್ಲ. ಮಣ್ಣಿನ ಕಣಗಳ ನಡುವೆ ಇರುವ ನೀರಿನಲ್ಲಿ ಲವಣ ಕರಗಿರುತ್ತಲ್ಲ, ಕರೆಂಟ್ ಹೋಗೋದು ಆ ನೀರಿನ ಎಳೆ ಹಿಡಿದು. ನೀರು ಕಮ್ಮಿಯಾದಂತೆ ಆ ಎಳೆಗಳು ಸಣ್ಣಗಾಗುತ್ತವೆ, ಕೊನೆಗೆ ತುಂಡಾಗುತ್ತವೆ. ಮರಳು ಬೆರೆತ ಗೋಡು ಮಣ್ಣಿಗೆ ಎಂಜಿನಿಯರುಗಳು ಬಳಸುವ ಹಳೆಯ ಪಟ್ಟಿಯೊಂದಿದೆ. ತೇವ ಶೇ 30 ಇದ್ದರೆ 42 ಓಮ್-ಮೀಟರ್. ಶೇ 20 ಕ್ಕೆ ಇಳಿದರೆ 63. ಇಲ್ಲಿಯವರೆಗೆ ದೊಡ್ಡ ವ್ಯತ್ಯಾಸ ಇಲ್ಲ, ಅಲ್ವಾ? ಶೇ 10 ಕ್ಕೆ ಬಂದರೆ 185. ಶೇ 5 ಕ್ಕೆ 430. ಶೇ 20 ರ ಕೆಳಗೆ ಹೋದ ಕೂಡಲೇ ಕರೆಂಟ್ ಹರಿಸುವ ಮಣ್ಣಿನ ಶಕ್ತಿ ಮೆಟ್ಟಿಲಿಳಿಯಲ್ಲ, ಬಾವಿಗೆ ಬೀಳುತ್ತೆ.

ಆ ಮನೆಯ ಪೈಪಿಗೇ ಇದನ್ನ ಹಾಕಿ ನೋಡಿ. ಶೇ 20 ತೇವಕ್ಕೆ 18 ಓಮ್. ಶೇ 10 ಕ್ಕೆ 53. ಬಿಲ್ಲಿನ ಹಿಂದೆ ಬರೆದಿದ್ದು 18, ನಾನು ಅಳೆದಿದ್ದು 54. ಅವರು ಸುಳ್ಳು ಬರೆದಿರಲಿಲ್ಲ. ಮಳೆಗಾಲದಲ್ಲಿ ಅಳೆದಿದ್ದರು, ಅಷ್ಟೇ.

ಇನ್ನೊಂದು ವಿಷಯ. ಮೂರು ಮೀಟರ್ ರಾಡಿನ ಒಟ್ಟು ರೆಸಿಸ್ಟೆನ್ಸಿನ ಸುಮಾರು ಮೂರನೇ ಎರಡು ಭಾಗ ಅದರ ಸುತ್ತಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತೆ. ಕರೆಂಟ್ ಪೈಪಿನಿಂದ ಹೊರಗೆ ಬರುವಾಗ ಮೊದಲು ಸಿಗೋದು ಇಕ್ಕಟ್ಟಾದ ಜಾಗ, ಆಮೇಲೆ ಹರಡಿಕೊಳ್ಳುತ್ತೆ. ಪಿಟ್‌ಗೆ ಎರಡು ಬಿಂದಿಗೆ ನೀರು ಸುರಿದರೆ ರೀಡಿಂಗ್ ಪಟಕ್ಕನೆ ಇಳಿಯೋದು ಇದಕ್ಕೇ. ಟೆಸ್ಟ್ ಮಾಡೋಕೆ ಮುಂಚೆ ಯಾರಾದರೂ ನೀರು ಸುರಿಯುತ್ತಿದ್ದರೆ ದಯವಿಟ್ಟು ತಡೆಯಿರಿ. ಆ ರೀಡಿಂಗ್ ಆ ದಿನಕ್ಕೆ ಮಾತ್ರ ನಿಜ. ನೀರು ಹಾಕಬೇಡಿ ಅಂತಲ್ಲ, ಬೇಸಿಗೆಯಲ್ಲಿ ಖಂಡಿತ ಹಾಕಿ. ಅಳತೆಯಾದ ಮೇಲೆ ಹಾಕಿ.

ಕೆಮಿಕಲ್ ಅರ್ಥಿಂಗ್ ಕೆಲಸ ಮಾಡೋದೂ ಈ ಒಂದು ಅಡಿ ಜಾಗದಲ್ಲೇ. ಅದರಲ್ಲಿ ಇರೋದು ಜಿಐ ಅಥವಾ ತಾಮ್ರದ ಲೇಪನದ ಪೈಪ್, ಒಳಗೆ ಕರೆಂಟ್ ಹರಿಯುವ ಪುಡಿ, ಹೊರಗೆ ಗುಂಡಿ ತುಂಬಾ ಬೆಂಟೊನೈಟ್ ಅಥವಾ ಗ್ರಾಫೈಟ್ ಬೆರೆಸಿದ ಪುಡಿ. ಬೆಂಟೊನೈಟ್ ಒಂದು ಜಾತಿಯ ಜೇಡಿ. ನೀರು ಕುಡಿದು ಹಲವು ಪಟ್ಟು ಉಬ್ಬುತ್ತೆ, ತೇವ ಹಿಡಿದಿಟ್ಟುಕೊಳ್ಳುತ್ತೆ. ಒದ್ದೆ ಇದ್ದಾಗ ಅದರ ರೆಸಿಸ್ಟಿವಿಟಿ ಸುಮಾರು 3 ಓಮ್-ಮೀಟರ್. ಹಾಗಾಗಿ 20 ಸೆಂಟಿಮೀಟರ್ ಗುಂಡಿ ತುಂಬಾ ಅದನ್ನ ತುಂಬಿದರೆ, 4 ಸೆಂಟಿಮೀಟರ್ ಪೈಪ್ ಕರೆಂಟಿನ ಲೆಕ್ಕಕ್ಕೆ 20 ಸೆಂಟಿಮೀಟರ್ ದಪ್ಪದ ಪೈಪಿನಂತೆ ಆಗುತ್ತೆ. ಮೊದಲಿನ ಸೂತ್ರದಲ್ಲೇ ಲೆಕ್ಕ ಹಾಕಿದರೆ 28.6 ಓಮ್ ಇದ್ದದ್ದು 20 ರ ಹತ್ತಿರ ಬರುತ್ತೆ. ಮೂರನೇ ಒಂದು ಭಾಗದಷ್ಟೂ ಕಮ್ಮಿಯಾಗಲಿಲ್ಲ. ಒಳ್ಳೆಯದೇ, ಆದರೆ 50 ಓಮ್ ಇದ್ದ ಜಾಗದಲ್ಲಿ ಒಂದೇ ಪೈಪಿಗೆ 2 ಓಮ್ ತರುತ್ತೇವೆ ಅಂದರೆ ನಂಬಬೇಡಿ. ಮೇಂಟೆನೆನ್ಸೇ ಬೇಡ ಅನ್ನೋ ಮಾತನ್ನೂ ಒಪ್ಪೋಕಾಗಲ್ಲ. ಒಣಗಿದ ಬೆಂಟೊನೈಟ್ ಕುಗ್ಗುತ್ತೆ, ಬಿರುಕು ಬಿಡುತ್ತೆ, ಪೈಪಿನಿಂದ ಬಿಟ್ಟುಕೊಳ್ಳುತ್ತೆ. ವಿಜಯಪುರ, ಗದಗ ಕಡೆಯ ಎರೆ ಮಣ್ಣಿನಲ್ಲಿ ಮಣ್ಣೇ ಹೀಗೆ ಮಾಡುತ್ತೆ. ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆಯ ಅರ್ಥ್ ಸಿಗಲ್ಲ. ಬೇಸಿಗೆಯಲ್ಲಿ ಪೈಪಿನ ಪಕ್ಕ ಬೆರಳು ತೂರುವಷ್ಟು ಬಿರುಕು.

ಹಾಗಾದರೆ ತಾಮ್ರ ಸುಮ್ನೆನಾ? ಅಲ್ಲ. ಬಾಳಿಕೆಯಲ್ಲಿ ತಾಮ್ರದ್ದೇ ಮೇಲುಗೈ. ಕರಾವಳಿಯ ಉಪ್ಪು ಮಣ್ಣಿನಲ್ಲಿ, ಹುಳಿ ಇರುವ ಮುರಕಲ್ಲಿನ ಮಣ್ಣಿನಲ್ಲಿ ಜಿಐ ಮೇಲಿನ ಸತುವಿನ ಲೇಪನ ಬೇಗ ಹೋಗುತ್ತೆ. ಆಮೇಲೆ ಒಳಗಿನ ಕಬ್ಬಿಣದ ಸರದಿ. ಅಲ್ಲಿ ತಾಮ್ರ, ಇಲ್ಲವೇ ತಾಮ್ರದ ಲೇಪನ ಇರುವ ಸ್ಟೀಲ್ ರಾಡ್ ಹಾಕಿಸಿ. ಲೇಪನ 250 ಮೈಕ್ರಾನ್ ಇರಬೇಕು, ಅಂದರೆ ಕಾಲು ಮಿಲಿಮೀಟರ್. ತುದಿಯಲ್ಲಿ ಅರದಿಂದ ಒಂದೆರಡು ಸಲ ಉಜ್ಜಿ ನೋಡಿ, ಆಗಲೇ ಬೆಳ್ಳಗೆ ಸ್ಟೀಲ್ ಕಂಡರೆ ಅದು ಬರೀ ಬಣ್ಣ ಹಚ್ಚಿದಂತೆ. ತಾಮ್ರ ಹಾಕಿದಾಗ ಒಂದು ಎಚ್ಚರ ಬೇಕು. ಅದರ ಹತ್ತಿರವೇ ಜಿಐ ನೀರಿನ ಪೈಪ್ ಇದ್ದು, ಎರಡೂ ಎಲ್ಲೋ ಒಂದು ಕಡೆ ಕೂಡಿಕೊಂಡಿದ್ದರೆ, ಒದ್ದೆ ಮಣ್ಣಿನಲ್ಲಿ ಅದೊಂದು ಬ್ಯಾಟರಿ. ತಾಮ್ರ ಹಾಗೇ ಇರುತ್ತೆ, ಜಿಐ ಸವೆಯುತ್ತೆ.

ಇದ್ದಿಲು-ಉಪ್ಪಿನ ಕಥೆಯೂ ಅದೇ. ಇದ್ದಿಲು ತೇವ ಹಿಡಿಯುತ್ತೆ, ಉಪ್ಪು ಓಮ್ ಇಳಿಸುತ್ತೆ, ಮೊದಲ ವರ್ಷ ರೀಡಿಂಗ್ ಚೆನ್ನಾಗಿರುತ್ತೆ. ಮಳೆಗೆ ಉಪ್ಪು ತೊಳೆದು ಹೋಗುತ್ತೆ, ಅಷ್ಟರಲ್ಲಿ ಪೈಪನ್ನೂ ತಿಂದಿರುತ್ತೆ. ಆ ಮನೆಯ ಪಿಟ್ ಅಗೆದಾಗ ಪೈಪಿನ ಮೇಲ್ಭಾಗ ಹಪ್ಪಳದಂತೆ ಪದರ ಪದರವಾಗಿ ಕೈಗೆ ಬಂತು. ಕ್ಲಾಂಪ್ ಮೇಲೆ ಬಿಳಿ ಪುಡಿ, ಬೋಲ್ಟ್ ಸಡಿಲ.

ನಾವು ಮಾಡಿದ್ದು ಇಷ್ಟು. ಲೋಹ ಬದಲಾಯಿಸಲಿಲ್ಲ. ಶಿರಾ ಕಡೆಯ ಕೆಂಪು ಮಣ್ಣಿಗೆ ದಪ್ಪ ಲೇಪನದ ಜಿಐ ಸಾಕು. ಜೂನ್‌ನಲ್ಲಿ ಸಣ್ಣ ಬೋರ್ ಮೆಷಿನ್ ತರಿಸಿ 6 ಮೀಟರ್ ಕೊರೆಸಿದೆವು. 3 ಮೀಟರ್‌ವರೆಗೆ ಪುಡಿ ಮಣ್ಣು ಬಂತು. ನಾಲ್ಕು ದಾಟಿದ ಮೇಲೆ ಬಂದ ಮಣ್ಣನ್ನ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟುತ್ತಿತ್ತು. ನಮಗೆ ಬೇಕಿದ್ದದ್ದು ಅದೇ. ಆ ಆಳದ ತೇವ ಬೇಸಿಗೆಯಲ್ಲೂ ಅಷ್ಟು ಬೇಗ ಹೋಗಲ್ಲ. ಪೈಪ್ ಇಳಿಸಿ, ಸುತ್ತ ಬೆಂಟೊನೈಟನ್ನ ನೀರಲ್ಲಿ ಕಲಸಿ ಗಂಜಿಯ ಹಾಗೆ ಸುರಿದೆವು, ಉಪ್ಪು ಹಾಕಲಿಲ್ಲ. ಕೆಳಗೆ ಕಲ್ಲು ಬಂಡೆ ಸಿಕ್ಕು ಕೊರೆಯೋಕೆ ಆಗದಿದ್ದರೆ ಎರಡು ಪೈಪ್ ಹಾಕಬೇಕಾಗುತ್ತೆ. ಆಗ ಅವುಗಳ ನಡುವೆ ಪೈಪಿನ ಉದ್ದದ ಎರಡು ಪಟ್ಟು ಅಂತರ ಬಿಡಿ. ಪಕ್ಕಪಕ್ಕ ಹಾಕಿದರೆ ಎರಡೂ ಅದೇ ಮಣ್ಣಿಗೆ ಜಗಳ ಆಡುತ್ತವೆ.

ಅಳೆಯೋದು ಹೀಗೆ. ಮೇನ್ ಆಫ್ ಮಾಡಿ, ಪಿಟ್‌ನಿಂದ ಮನೆಗೆ ಹೋಗುವ ವೈರ್ ಬಿಚ್ಚಬೇಕು. ಬಿಚ್ಚದಿದ್ದರೆ ನೀರಿನ ಪೈಪ್, ಪಾಯದ ಕಬ್ಬಿಣ ಎಲ್ಲ ಸೇರಿ ರೀಡಿಂಗ್ ಕಮ್ಮಿ ತೋರಿಸುತ್ತೆ. ಟೆಸ್ಟರಿನ ದೂರದ ಮೊಳೆ 30 ಮೀಟರಿಗೆ, ನಡುವಿನದು ಸುಮಾರು 18 ಮೀಟರಿಗೆ. ನಡುವಿನ ಮೊಳೆಯನ್ನ ಒಂದೆರಡು ಮೀಟರ್ ಆಚೆ ಈಚೆ ಸರಿಸಿದರೂ ರೀಡಿಂಗ್ ಹಾಗೇ ನಿಂತರೆ ಅದು ಸರಿ. ನಿಲ್ಲದಿದ್ದರೆ ದೂರದ ಮೊಳೆಯನ್ನ ಇನ್ನೂ ದೂರ ಒಯ್ಯಿರಿ.

ಆಗಸ್ಟ್‌ನಲ್ಲಿ 8 ಓಮ್ ಬಂತು. ಯಜಮಾನರಿಗೆ ಖುಷಿ. ಏಪ್ರಿಲ್‌ಗೆ ಮತ್ತೆ ಬರುತ್ತೇನೆ ಅಂದೆ. ಈ ಏಪ್ರಿಲ್‌ನಲ್ಲಿ 13. ಮೊದಲಿನ ಪೈಪ್ ಮಳೆಯಿಂದ ಬೇಸಿಗೆಗೆ ಮೂರು ಪಟ್ಟು ಏರಿತ್ತು, ಇದು ಎರಡು ಪಟ್ಟೂ ಆಗಲಿಲ್ಲ.

ಈಗ ತುಂಬಾ ಮುಖ್ಯವಾದ ಮಾತು. ಆ ಮನೆಯಲ್ಲಿ ಫಾಲ್ಟ್ ಕರೆಂಟ್ ಪಿಟ್ ಮೂಲಕ ಮಣ್ಣಿಗಿಳಿದು, ಟ್ರಾನ್ಸ್‌ಫಾರ್ಮರ್ ಪಿಟ್ ಮೂಲಕ ವಾಪಸ್ ಹೋಗಬೇಕು. ಅಲ್ಲಿ 2 ಓಮ್ ಅಂದುಕೊಳ್ಳಿ. 54 ಓಮ್ ಇದ್ದಾಗ ಫೇಸ್ ವೈರ್ ನೇರವಾಗಿ ಗೀಸರ್ ಬಾಡಿಗೆ ತಾಗಿದರೂ 230 ವೋಲ್ಟಿಗೆ ಹರಿಯೋದು 4 ಆಂಪ್ ಮಾತ್ರ. 16 ಆಂಪ್ ಎಂಸಿಬಿಗೆ ಅದೊಂದು ಮಾಮೂಲಿ ಲೋಡ್. ಬಾಡಿ ಮೇಲೆ 220 ವೋಲ್ಟ್ ನಿಂತೇ ಇರುತ್ತೆ. ಸರಿ, 13 ಓಮ್ ಆದ ಮೇಲೆ? 15 ಆಂಪ್. ಈಗಲೂ ಬೀಳಲ್ಲ! ಬಿ ಟೈಪ್ 16 ಆಂಪ್ ಎಂಸಿಬಿ ತಕ್ಷಣ ಬೀಳೋದು ಖಚಿತ ಅನ್ನಬೇಕಾದರೆ 80 ಆಂಪ್ ಬೇಕು, ಅಂದರೆ ಪೂರ್ತಿ ದಾರಿ 3 ಓಮಿನ ಒಳಗೆ. ಮನೆಯ ಹಿತ್ತಲಲ್ಲಿ ಒಂದು ಪೈಪಿನಿಂದ ಅದು ಆಗದ ಮಾತು. ತಾಮ್ರ ಹಾಕಿದರೂ ಆಗಲ್ಲ, ಕೆಮಿಕಲ್ ಹಾಕಿದರೂ ಆಗಲ್ಲ.

ಅದಕ್ಕೇ 30 ಮಿಲಿಆಂಪ್ ಆರ್‌ಸಿಸಿಬಿ ಬೇಕೇ ಬೇಕು, ಅಂದರೆ ಅಷ್ಟು ಸಣ್ಣ ಕರೆಂಟ್ ಲೀಕ್ ಆದರೂ ಬೀಳುವ ಸ್ವಿಚ್. ಅದು 54 ಓಮಿನಲ್ಲೂ ಬೀಳುತ್ತಿತ್ತು, 4 ಆಂಪ್ ಅದಕ್ಕೆ ನೂರು ಪಟ್ಟಿಗಿಂತ ಜಾಸ್ತಿ. ತಾಮ್ರಕ್ಕೆ ಎತ್ತಿಟ್ಟ ದುಡ್ಡಿದ್ದರೆ ಮೊದಲು ಅದನ್ನ ತಗೊಳ್ಳಿ, ಮಿಕ್ಕಿದ್ದರಲ್ಲಿ ಆಳ ಕೊರೆಸಿ, ಅದೂ ಆದ ಮೇಲೆ ಲೋಹದ ಯೋಚನೆ ಮಾಡಿ. ಆ ಮನೆಗೆ ಆರ್‌ಸಿಸಿಬಿ ಹಾಕಿದ್ದು ಕೊರೆಯೋಕೂ ಎರಡು ತಿಂಗಳು ಮುಂಚೆ, ಫೋನ್ ಬಂದ ದಿನವೇ ಸಂಜೆ. ಟೆಸ್ಟ್ ಬಟನ್ ಒತ್ತಿದಾಗ ಟಪ್ ಅಂತ ಬಿತ್ತು. ಈ ಸ್ವಿಚ್ಚುಗಳೆಲ್ಲ ಇರುವ ಡಿಬಿ ಪೆಟ್ಟಿಗೆಯ ಬಾಗಿಲಿನ ಒಳಗೆ ಈಗ ಒಂದು ಚೀಟಿ ಅಂಟಿಸಿದೆ: ಆಗಸ್ಟ್ 8, ಏಪ್ರಿಲ್ 13. ಅದರ ಕೆಳಗೆ ಮುಂದಿನ ಏಪ್ರಿಲ್‌ಗೆ ಖಾಲಿ ಜಾಗ ಬಿಟ್ಟಿದ್ದೇನೆ.