ಹತ್ತು ಲೀಟರ್ ಹಾಲಿಗೆ ಪನೀರ್ ಎಷ್ಟು, ಖೋವಾ ಎಷ್ಟು?

ಕೇಳುಗರಿಗೆ ನಮಸ್ಕಾರ.

ಬದಿಯಡ್ಕದ ಒಂದು ಮನೆಯಲ್ಲಿ ಹತ್ತು ಲೀಟರ್ ದನದ ಹಾಲಿಗೆ ಒಂದು ಕಿಲೋ 700 ಗ್ರಾಂ ಪನೀರ್ ಬಂತು, ಪೆರ್ಲದ ಇನ್ನೊಂದು ಮನೆಯಲ್ಲಿ ಅಷ್ಟೇ ಹಾಲಿಗೆ ಒಂದು ಕಿಲೋ 400 ಗ್ರಾಂ ಬಂತು ಎಂದಿಟ್ಟುಕೊಳ್ಳಿ. ಕೇಳಿದ ಕೂಡಲೇ ಎರಡನೆಯವರ ಹಾಲಿಗೆ ನೀರು ಬಿದ್ದಿದೆ ಎಂಬ ಅನುಮಾನ ಬರುತ್ತದೆ. ಆದರೆ ಎರಡೂ ಹಾಲು ಒಂದೇ ಗುಣದ್ದಾಗಿರಬಹುದು. ನೀರು ಹಾಲಿನಲ್ಲಿಲ್ಲ, ಮೊದಲನೆಯವರ ಪನೀರಿನಲ್ಲಿದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಹಾಲಿನ ಸೊಸೈಟಿಯ ಚೀಟಿಯಲ್ಲಿ ಫ್ಯಾಟ್, ಅಂದರೆ ಕೊಬ್ಬು, 3.8, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, 8.3 ಎಂದಿದೆ ಎನ್ನಿ. ಎರಡನ್ನೂ ಕೂಡಿಸಿದರೆ 12.1. ಅಂದರೆ ನೂರು ಗ್ರಾಂ ಹಾಲಿನಲ್ಲಿ ಗಟ್ಟಿ ಅಂಶ 12 ಗ್ರಾಂ, ಉಳಿದದ್ದೆಲ್ಲ ನೀರು. ಹತ್ತು ಲೀಟರ್ ಹಾಲು ತೂಗಿದರೆ ಹತ್ತು ಕಿಲೋಗಿಂತ ತುಸು ಹೆಚ್ಚು, ಸುಮಾರು 10 ಕಿಲೋ 280 ಗ್ರಾಂ. ಅದರಲ್ಲಿರುವ ಗಟ್ಟಿ ಅಂಶ ಒಂದೂಕಾಲು ಕಿಲೋ.

ಖೋವಾದಲ್ಲಿ ಈ ಒಂದೂಕಾಲು ಕಿಲೋ ಪೂರ್ತಿ ಉಳಿಯುತ್ತದೆ. ಉರುಳಿಯಿಂದ ಹೊರಗೆ ಹೋಗುವುದು ನೀರು ಮಾತ್ರ. ಪೇಡೆಗೆ ಹಿಡಿಸುವ ಖೋವಾದಲ್ಲಿ ನೂರಕ್ಕೆ 35ರಷ್ಟು ನೀರಿದ್ದರೆ ಒಂದು ಕಿಲೋ 900 ಗ್ರಾಂ ಸಿಗುತ್ತದೆ. ಕಿಲೋ ಒಂದಕ್ಕೆ ಐದೂಕಾಲು ಲೀಟರ್. ತಳಕ್ಕೆ, ಸಟ್ಟುಗಕ್ಕೆ ಹಿಡಿದು ಹೋಗುವುದನ್ನೂ ಸೇರಿಸಿ ಐದೂವರೆ ಲೀಟರ್ ಎಂದುಕೊಳ್ಳುವುದೇ ಕ್ಷೇಮ. ಜಾಮೂನಿಗೆ ಬೇಕಾದ ಮೆತ್ತನೆಯ ಖೋವಾಕ್ಕೆ ಬೇಗ ಇಳಿಸುತ್ತೇವಲ್ಲ, ಅದರಲ್ಲಿ ನೀರು ಹೆಚ್ಚು, ಹಾಗಾಗಿ ಅದೇ ಹಾಲಿಗೆ ಎರಡು ಕಿಲೋ ದಾಟುತ್ತದೆ. ಎಮ್ಮೆ ಹಾಲಾದರೆ ಗಟ್ಟಿ ಅಂಶ 16ರ ಹತ್ತಿರ. ಅಲ್ಲಿ ನಾಲ್ಕೂಕಾಲು ಲೀಟರೇ ಸಾಕು. ನಮ್ಮ ಕಡೆ ಹಟ್ಟಿಯಲ್ಲಿರುವುದು ಹೆಚ್ಚಾಗಿ ದನ. ಬಡಗಣ ಸೀಮೆಯ ಪಾಕಪುಸ್ತಕದ ಅಳತೆ ಇಲ್ಲಿ ಸರಿಬಾರದೆ ಹೋಗುವುದು ಅದಕ್ಕೇ.

ಪನೀರಿನ ದಾರಿ ಬೇರೆ. ಹಾಲಿನ ಸಕ್ಕರೆ, ನಮ್ಮ ಹತ್ತು ಲೀಟರಿನಲ್ಲಿ ಸುಮಾರು 460 ಗ್ರಾಂ, ಬಹುಪಾಲು ಹಾಲೊಡಕಿನ ನೀರಿನ ಜೊತೆ ಹರಿದುಹೋಗುತ್ತದೆ. ಕೊಬ್ಬು ಮತ್ತು ಪ್ರೋಟೀನು ಮಾತ್ರ ಹೆಚ್ಚಿನಂಶ ಬಟ್ಟೆಯಲ್ಲಿ ನಿಲ್ಲುತ್ತವೆ. ಎಲ್ಲ ಕಳೆದು ಉಳಿಯುವ ಗಟ್ಟಿ ಅಂಶ ಸುಮಾರು 700 ಗ್ರಾಂ. ಈ 700 ಗ್ರಾಮಿನ ಜೊತೆ ಎಷ್ಟು ನೀರು ನಿಲ್ಲುತ್ತದೆ ಎಂಬುದರ ಮೇಲೆ ತೂಕ. ನೂರಕ್ಕೆ 50 ನೀರಿದ್ದರೆ ಒಂದು ಕಿಲೋ 400, 55 ಇದ್ದರೆ ಒಂದೂವರೆ ಕಿಲೋ ಮೇಲೆ ಸ್ವಲ್ಪ, 60 ಇದ್ದರೆ ಒಂದೂಮುಕ್ಕಾಲು ಕಿಲೋ. ಕಾಯಿದೆ ಒಪ್ಪುವ ಗರಿಷ್ಠ ನೀರಿನಂಶವೂ 60. ಹಾಗಾದರೆ ಬದಿಯಡ್ಕದವರು ಮೋಸ ಮಾಡಲಿಲ್ಲ, ಪೆರ್ಲದವರು ಹಾಲು ಕೆಡಿಸಲೂ ಇಲ್ಲ. ಒತ್ತಿದ ಭಾರ ಬೇರೆ, ಒಡೆಸಿದ ಬಿಸಿ ಬೇರೆ.

ಈ ಬಿಸಿಯ ವಿಚಾರ ತುಸು ಬಿಡಿಸಿ ಹೇಳಬೇಕು. ಹಾಲನ್ನು 90 ಡಿಗ್ರಿಗೆ ತಂದು ಐದು ನಿಮಿಷ ಹಿಡಿಯಿರಿ. ಆಗ ಒಡಕಿನ ನೀರಿನಲ್ಲಿ ಹೋಗಬೇಕಿದ್ದ ಪ್ರೋಟೀನು ಕೂಡ ಗಡ್ಡೆಗೆ ಅಂಟಿಕೊಳ್ಳುತ್ತದೆ. ಬರೇ ಬೆಚ್ಚಗೆ ಮಾಡಿ ಒಡೆಸುವವರು ಕಳೆದುಕೊಳ್ಳುವುದು ಇದನ್ನೇ. ಆಮೇಲೆ 70–75 ಡಿಗ್ರಿಗೆ ಆರಿಸಿ. ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಸಿಟ್ರಿಕ್ ಆಸಿಡನ್ನು ಎರಡು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ನಿಧಾನವಾಗಿ ಹೊಯ್ಯುತ್ತಾ ಮೆಲ್ಲನೆ ಕದಡಿ. ತಟ್ಟೆಯಲ್ಲಿ ಒಂದು ಸೌಟು ನೀರು ತೆಗೆದು ನೋಡಿ. ಹಸುರು ಬೆರೆತ ಹಳದಿ ಬಣ್ಣಕ್ಕೆ ತಿಳಿಯಾಗಿ, ತಟ್ಟೆಯ ತಳ ಕಾಣುವಂತಿದ್ದರೆ ಅಲ್ಲಿಗೇ ನಿಲ್ಲಿಸಿ, ಆಸಿಡ್ ಸ್ವಲ್ಪ ಮಿಕ್ಕರೂ ಸರಿ. ನೀರು ಬಿಳಿಯಾಗಿದ್ದರೆ ನಿಮ್ಮ ಕೊಬ್ಬು, ಪ್ರೋಟೀನು ಅದರಲ್ಲೇ ಇದೆ, ಇನ್ನಷ್ಟು ಹುಳಿ ಬೇಕು. ಕುದಿಯುವ ಹಾಲಿಗೇ ಹುಳಿ ಹಾಕಿದರೆ, ಅಥವಾ ತಿಳಿಯಾದ ಮೇಲೂ ಹಾಕುತ್ತಾ ಹೋದರೆ, ಗಡ್ಡೆ ಬಿಗಿದು ನೀರು ಬಿಟ್ಟುಕೊಡುತ್ತದೆ. ತೂಕವೂ ಹೋಯಿತು, ಕತ್ತರಿಸುವಾಗ ಪುಡಿಯೂ ಆಯಿತು. ಲಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಮಾರಾಟಕ್ಕೆ ಮಾಡುವವರಿಗೆ ಅದು ಬೇಡ.

ಹಾಲಿನಲ್ಲೂ ವ್ಯತ್ಯಾಸವಿದೆ, ಇಲ್ಲವೆಂದಲ್ಲ. ಕರೆಯುವಾಗ ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದನ್ನು ಕರುವಿಗೆ ಬಿಟ್ಟರೆ ಕ್ಯಾನಿನ ಫ್ಯಾಟ್ ಇಳಿಯುತ್ತದೆ. ಮಳೆಗಾಲದಲ್ಲಿ ಎಳೆ ಹುಲ್ಲೇ ಹೊಟ್ಟೆ ತುಂಬಿದಾಗಲೂ ಇಳಿಯುವುದುಂಟು.

ಮದುವೆಗೆ ಐದು ಕಿಲೋ ಪನೀರ್ ಬೇಕೆಂದು ಅಡಿಗೆಯವರು ಹೇಳಿದರೆ, ದನದ ಹಾಲು 35 ಲೀಟರ್ ಹೇಳಿಡಿ. ಆದರೆ ನಾಲ್ಕು ದಿನ ಮೊದಲೇ ಅದೇ ಮನೆಯ ಒಂದು ಲೀಟರ್ ಹಾಲನ್ನು ಒಡೆಸಿ ನೋಡಿ. ಬಟ್ಟೆಯಲ್ಲಿ ಕಟ್ಟಿ ಕಾಲು ಗಂಟೆ ಭಾರ ಇಟ್ಟು, ಎರಡು ಗಂಟೆ ತಣ್ಣೀರಿನಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿದ ಮೇಲೆ ತೂಗಿ. 145 ಗ್ರಾಂ ಬಂದರೆ 35 ಲೀಟರ್ ಸಾಕು. 125ಕ್ಕೆ ನಿಂತರೆ 40 ಬೇಕು.