ಬಾಣಂತಿಗೆ ಬಡೇಸೋಪಿನ ಕಷಾಯ: ಎಷ್ಟು, ಎಷ್ಟು ದಿನ, ಕೂಸಿಗೆ ಏಕೆ ಬೇಡ

[ದೃಶ್ಯ: ಖಾನಾವಳಿಯ ಗಲ್ಲಾದ ಮೇಲೆ ಬಡೇಸೋಪಿನ ತಟ್ಟೆ, ಪಕ್ಕದಲ್ಲಿ ಚಿಕ್ಕ ಚಮಚ]

ನಮಸ್ಕಾರ. ಕಲಬುರಗಿಯ ಯಾವ ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ ಎದ್ದರೂ ಬಾಯಿಗೆ ಹಾಕಿಕೊಳ್ಳಲು ಸಿಗುವ ಈ ಬಡೇಸೋಪು, ಮನೆಯಲ್ಲಿ ಹೆರಿಗೆಯಾದ ಕೂಡಲೇ ಬೇರೆಯದೇ ಕೆಲಸಕ್ಕೆ ಬರುತ್ತದೆ. ಊಟದ ನಂತರ ಚಿಟಿಕೆಯಷ್ಟು ಅಗಿಯುತ್ತಿದ್ದುದನ್ನು ಈಗ ಕುಟ್ಟಿ, ಕುದಿಸಿ, ಲೋಟಗಟ್ಟಲೆ ಕೊಡುತ್ತಾರೆ. "ಬಡೇಸೋಪಿನ ನೀರು ಕುಡಿ ತಂಗಿ, ಹಾಲು ಚಲೋ ಬರ್ತಾವ, ಕೂಸಿನ ಹೊಟ್ಟಿನೂ ಹಗುರಾಗ್ತದ" ಎಂದು ಹಿರಿಯರು ಹೇಳುವುದು ಪ್ರೀತಿಯಿಂದಲೇ. ಆದರೆ ಚಿಟಿಕೆಗೂ ಲೋಟಕ್ಕೂ, ತಾಯಿಗೂ ಕೂಸಿಗೂ ಇರುವ ಅಂತರವನ್ನು ಲೆಕ್ಕ ಹಾಕಿ ನೋಡದೆ ಈ ಮಾತನ್ನು ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ.

[ದೃಶ್ಯ: ಒಂದು ಕಾಳನ್ನು ಉಗುರಿನಿಂದ ಸೀಳಿ ಹತ್ತಿರದಿಂದ ತೋರಿಸುವುದು]

ಬಡೇಸೋಪಿನ ಕಾಳನ್ನು ಅಡ್ಡಲಾಗಿ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಅದರ ಗೆರೆಗಳ ನಡುವೆ ಎಣ್ಣೆ ತುಂಬಿದ ಸಣ್ಣ ನಾಳಗಳು ಕಾಣುತ್ತವೆ. ಕಾಳಿನ ತೂಕದಲ್ಲಿ ನೂರಕ್ಕೆ ಎರಡು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಈ ಸುಗಂಧ ತೈಲವೇ ಇರುತ್ತದೆ. ಅದರ ಬಹುಪಾಲು ಅನೆಥೋಲ್ ಎಂಬ ವಸ್ತು. ಸಿಹಿ ರುಚಿಗೂ ಘಮಕ್ಕೂ ಅದೇ ಕಾರಣ. ಅದರ ಜೊತೆಗೆ ಕಡಿಮೆ ಪ್ರಮಾಣದಲ್ಲಿ ಎಸ್ಟ್ರಾಗೋಲ್ ಎಂಬ ಇನ್ನೊಂದು ವಸ್ತು ಇರುತ್ತದೆ. ಸಿಹಿ ಬಡೇಸೋಪಿನ ತೈಲದಲ್ಲಿ ಎಸ್ಟ್ರಾಗೋಲ್ ನೂರಕ್ಕೆ ಹತ್ತನ್ನು ಮೀರಬಾರದೆಂದು ಯುರೋಪಿನ ಔಷಧ ಸಂಹಿತೆ ಹೇಳುತ್ತದೆ. ತಳಿ ಮತ್ತು ಬೆಳೆದ ನೆಲಕ್ಕೆ ತಕ್ಕಂತೆ ಈ ಪ್ರಮಾಣ ಬಹಳ ಏರುಪೇರಾಗುತ್ತದೆ.

ಎಸ್ಟ್ರಾಗೋಲ್ ಬಗ್ಗೆ ಆತಂಕ ಹುಟ್ಟಿದ್ದು ಇಲಿಗಳ ಮೇಲಿನ ಪ್ರಯೋಗಗಳಿಂದ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಅವುಗಳ ಯಕೃತ್ತಿನಲ್ಲಿ ಗಡ್ಡೆಗಳು ಬೆಳೆದವು. ಎಸ್ಟ್ರಾಗೋಲ್ ತಾನಾಗಿ ಹಾನಿ ಮಾಡುವುದಿಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಹೊರಹಾಕಲು ಎರಡು ಹಂತಗಳಲ್ಲಿ ಬದಲಾಯಿಸುವಾಗ, ಜೀವಕೋಶದ ಡಿಎನ್ಎಗೆ ಅಂಟಿಕೊಳ್ಳಬಲ್ಲ ರೂಪವೊಂದು ಹುಟ್ಟುತ್ತದೆ. ಈ ಕಾರಣಕ್ಕೆ 2001ರಲ್ಲಿ ಯುರೋಪಿನ ಆಹಾರ ವೈಜ್ಞಾನಿಕ ಸಮಿತಿಯು ಇದಕ್ಕೆ ಸುರಕ್ಷಿತ ಮಿತಿಯನ್ನು ನಿಗದಿಪಡಿಸಲು ಆಗುವುದಿಲ್ಲ ಎಂದಿತು. ಬಡೇಸೋಪು ತಿಂದದ್ದರಿಂದ ಮನುಷ್ಯರಿಗೆ ಕ್ಯಾನ್ಸರ್ ಬಂದಿದೆ ಎಂಬುದಕ್ಕೆ ಪುರಾವೆಯಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಕಾಳಿನಲ್ಲಿರುವ ಇತರ ವಸ್ತುಗಳು ಈ ಬದಲಾವಣೆಯನ್ನು ತಡೆಯಬಹುದೆಂಬ ವಾದವೂ ಇದೆ, ಆದರೆ ಅದನ್ನೇ ನೆಚ್ಚಿಕೊಂಡು ಬಾಣಂತಿಗೆ ಧೈರ್ಯ ಹೇಳುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ.

[ದೃಶ್ಯ: ತಕ್ಕಡಿ, ಚಮಚ, ಕುದಿಯುವ ಪಾತ್ರೆ]

ಈಗ ಲೆಕ್ಕಕ್ಕೆ ಬರೋಣ. ಐವತ್ತು ಕಿಲೋ ತೂಕದ ಬಾಣಂತಿ ದಿನಕ್ಕೆ ಮೂರು ಲೋಟ ಕಷಾಯ ಕುಡಿಯುತ್ತಾಳೆ, ಪ್ರತಿ ಲೋಟಕ್ಕೂ ಒಂದು ಚಹಾ ಚಮಚ, ಅಂದರೆ ಸುಮಾರು 2 ಗ್ರಾಂ ಕುಟ್ಟಿದ ಕಾಳು ಬೀಳುತ್ತದೆ ಎಂದುಕೊಳ್ಳಿ. ದಿನಕ್ಕೆ 6 ಗ್ರಾಂ ಕಾಳಾಯಿತು. ತೈಲ ನೂರಕ್ಕೆ ಎರಡು ಎಂದರೆ 120 ಮಿಲಿಗ್ರಾಂ. ಆ ತೈಲದಲ್ಲಿ ಎಸ್ಟ್ರಾಗೋಲ್ ನೂರಕ್ಕೆ ನಾಲ್ಕು ಎಂದು ಹಿಡಿದರೆ ಹತ್ತಿರ ಹತ್ತಿರ 5 ಮಿಲಿಗ್ರಾಂ. ಯುರೋಪಿನ ಔಷಧ ಸಂಸ್ಥೆಯ ಗಿಡಮೂಲಿಕೆ ಸಮಿತಿಯು ವಯಸ್ಕರಿಗೆ ಸೂಚಿಸುವ ಎಸ್ಟ್ರಾಗೋಲಿನ ಮಿತಿ ದಿನಕ್ಕೆ 0.05 ಮಿಲಿಗ್ರಾಂ. ಎಣ್ಣೆ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಕಷಾಯಕ್ಕೆ ಇಳಿಯುವುದು ಅದರ ಸಣ್ಣ ಪಾಲು ಮಾತ್ರ, ಕುದಿಸುವಾಗ ಸ್ವಲ್ಪ ಆವಿಯಾಗಿಯೂ ಹೋಗುತ್ತದೆ. ಆದರೂ ನೂರರಲ್ಲಿ ಒಂದು ಪಾಲು ಇಳಿದರೆ ಸಾಕು, ಆ ಪ್ರಮಾಣ ಮುಟ್ಟುತ್ತದೆ. ಕಾಳನ್ನು ಕುಟ್ಟಿದಷ್ಟೂ ಹೆಚ್ಚು ಇಳಿಯುತ್ತದೆ.

ಇದೇ ಲೆಕ್ಕವನ್ನು ಊಟದ ನಂತರದ ಚಿಟಿಕೆಗೂ ಹಾಕಬಹುದು. ಅರ್ಧ ಗ್ರಾಂ ಕಾಳಿನಲ್ಲಿ ಸುಮಾರು 0.4 ಮಿಲಿಗ್ರಾಂ ಎಸ್ಟ್ರಾಗೋಲ್ ಇರುತ್ತದೆ. ಅಗಿದ ಕಾಳಿನಲ್ಲಿರುವುದೆಲ್ಲ ಮೈಗೆ ಸೇರದಿದ್ದರೂ, ಸಂಖ್ಯೆಯನ್ನು ಮಾತ್ರ ನೋಡಿದರೆ ಅದೂ ಆ ಮಿತಿಯ ಮೇಲೆಯೇ ಕಾಣುತ್ತದೆ. ಹಾಗೆಂದು ಖಾನಾವಳಿಯ ತಟ್ಟೆಯನ್ನು ಎತ್ತಿಡಿ ಎಂದು ನಾನು ಹೇಳುವುದಿಲ್ಲ. ಈ ಸಂಖ್ಯೆ ಔಷಧವಾಗಿ ಸೇವಿಸುವ ಉತ್ಪನ್ನಗಳಿಗಾಗಿ ತುಂಬ ಎಚ್ಚರಿಕೆಯಿಂದ ಇಟ್ಟದ್ದು, ಅದನ್ನು ದಾಟಿದ ಕೂಡಲೇ ರೋಗ ಬರುತ್ತದೆ ಎಂದು ಅದರ ಅರ್ಥವಲ್ಲ. ಅದೇ ಸಮಿತಿ ವಯಸ್ಕರು ಹೊಟ್ಟೆಯುಬ್ಬರಕ್ಕೆ ಕಷಾಯವನ್ನು ಎರಡು ವಾರದವರೆಗೆ ಕುಡಿಯಬಹುದೆನ್ನುತ್ತದೆ. ಆದರೆ ಹಾಲೂಡಿಸುವವರಿಗೆ ಶಿಫಾರಸು ಮಾಡುವುದಿಲ್ಲ, ನಾಲ್ಕು ವರ್ಷದೊಳಗಿನ ಮಕ್ಕಳಿಗಂತೂ ಬೇಡ ಎನ್ನುತ್ತದೆ. ನಮ್ಮಲ್ಲಿ ಬಾಣಂತನ ನಲವತ್ತು ದಿನ, ಕೆಲವು ಮನೆಗಳಲ್ಲಿ ಮೂರು ತಿಂಗಳು. ಅಷ್ಟೂ ದಿನ ಲೋಟಗಟ್ಟಲೆ ಕುಡಿಸುವುದು ನನಗೆ ಸರಿಯೆನಿಸುವುದಿಲ್ಲ.

ತಾಯಿ ಕುಡಿದದ್ದು ಹಾಲಿಗೆ ಹೋಗುತ್ತದೆಯೇ? ಅನೆಥೋಲ್ ಹೋಗುತ್ತದೆ. ತಾಯಂದಿರಿಗೆ ಅದನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟು ನೋಡಿದಾಗ ಸುಮಾರು ಎರಡು ತಾಸಿನ ಹೊತ್ತಿಗೆ ಹಾಲಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕಂಡುಬಂತು. ಅತಿಯಾದರೆ ಏನಾಗಬಹುದು ಎಂಬುದಕ್ಕೆ 1994ರಲ್ಲಿ ವರದಿಯಾದ ಪ್ರಕರಣವೊಂದಿದೆ. ಹದಿನೈದು ಮತ್ತು ಇಪ್ಪತ್ತು ದಿನಗಳ ಎರಡು ಹಸುಗೂಸುಗಳು ಮಂಕಾಗಿ, ಸರಿಯಾಗಿ ಹಾಲು ಕುಡಿಯದೆ, ತೂಕ ಏರದೆ, ವಾಂತಿಯನ್ನೂ ಮಾಡುತ್ತ ಆಸ್ಪತ್ರೆ ಸೇರಿದವು. ಹಾಲು ಹೆಚ್ಚಲೆಂದು ಅವುಗಳ ತಾಯಂದಿರು ಜ್ಯೇಷ್ಠಮಧು, ಬಡೇಸೋಪು ಮತ್ತಿತರ ಮೂಲಿಕೆಗಳ ಕಷಾಯವನ್ನು ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಕುಡಿಯುತ್ತಿದ್ದರು. ಕಷಾಯವನ್ನೂ ಎದೆಹಾಲನ್ನೂ ನಿಲ್ಲಿಸಿದ ಮೇಲೆ ಒಂದೂವರೆ ದಿನದೊಳಗೆ ಕೂಸುಗಳು ಚೇತರಿಸಿಕೊಂಡವು. ಹಲವು ಮೂಲಿಕೆಗಳಿದ್ದ ಕಾರಣ ತಪ್ಪನ್ನು ಬಡೇಸೋಪೊಂದರ ಮೇಲೆ ಹೊರಿಸಲಾಗದು.

[ದೃಶ್ಯ: ಒಳಲೆ ಮತ್ತು ಚಿಕ್ಕ ಬಟ್ಟಲು]

ಇನ್ನು ಕೂಸಿನ ಹೊಟ್ಟೆನೋವಿನ ಮಾತು. ಬಡೇಸೋಪಿನ ಪರವಾಗಿ ಹೆಚ್ಚು ಉಲ್ಲೇಖವಾಗುವುದು ರಷ್ಯಾದ 2003ರ ಅಧ್ಯಯನ. ಎರಡರಿಂದ ಹನ್ನೆರಡು ವಾರಗಳ 125 ಕೂಸುಗಳಲ್ಲಿ ಕೆಲವಕ್ಕೆ ಬಡೇಸೋಪಿನ ತೈಲವನ್ನು ನೂರಕ್ಕೆ 0.1ರಷ್ಟು ಬೆರೆಸಿದ ದ್ರವ, ಉಳಿದವಕ್ಕೆ ಔಷಧವಿಲ್ಲದ ದ್ರವ ಕೊಟ್ಟರು. ಮೊದಲ ಗುಂಪಿನಲ್ಲಿ ನೂರಕ್ಕೆ 65, ಎರಡನೆಯದರಲ್ಲಿ ಸುಮಾರು 24 ಕೂಸುಗಳ ತೊಂದರೆ ನಿಂತಿತು. ಆ ತೈಲ ಹೋದದ್ದು ನೇರವಾಗಿ ಕೂಸಿನ ಬಾಯಿಗೆ, ಅಳತೆ ಮಾಡಿ. ತಾಯಿಯ ಕಷಾಯದ ಮೂಲಕವಲ್ಲ. ಹೀಗಾಗಿ ಬಾಣಂತಿ ಕಷಾಯ ಕುಡಿದರೆ ಕೂಸಿನ ಹೊಟ್ಟೆ ಹಗುರಾಗುತ್ತದೆ ಎಂಬ ಮಾತಿಗೆ ಈ ಅಧ್ಯಯನ ಆಧಾರವಾಗುವುದಿಲ್ಲ. ಕೂಸಿನ ಅಳು ಎರಡು ಮೂರು ವಾರಕ್ಕೆ ಶುರುವಾಗಿ, ಆರನೆಯ ವಾರಕ್ಕೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುವಂಥದ್ದು. ಇಳಿಯುವ ಹೊತ್ತಿಗೆ ಕೊಟ್ಟ ಮದ್ದೆಲ್ಲಕ್ಕೂ ಹೆಸರು ಬರುತ್ತದೆ.

ಒಳಲೆಯಲ್ಲಿ ಕಷಾಯ ಹಾಕಿದರೆ ಆ ಚಿಕ್ಕ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ನೀರು ಹಿಡಿಯುತ್ತದೆ. ಕೂಸು ಕಡಿಮೆ ಕುಡಿದರೆ ತಾಯಿಯ ಹಾಲೂ ಕಡಿಮೆಯಾಗುತ್ತದೆ. ಹಾಲು ಹೆಚ್ಚುವುದು ಕೂಸು ಪದೇ ಪದೇ ಕುಡಿದು ಎದೆ ಬರಿದಾದಾಗ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕೆಂದು ಹೇಳುವುದು ಇದಕ್ಕೇ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಮೊದಲ ವಾರದ ನಂತರ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತದೆಯೇ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದೆಯೇ ಎಂದು ನೋಡಬೇಕು.

ಕೂಸಿಗೆ ಜ್ವರವಿದ್ದರೆ, ವಾಂತಿ ಹಸಿರಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ಅದನ್ನು ಹೊಟ್ಟೆಯುಬ್ಬರವೆಂದು ಮನೆಯಲ್ಲಿ ಕಾಯಬೇಡಿ. ಅದೇ ದಿನ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿ ಯಾವ ಕಷಾಯವನ್ನು, ಎಷ್ಟು ಲೋಟ, ಎಷ್ಟು ದಿನದಿಂದ ಕುಡಿಯುತ್ತಿದ್ದಾಳೆ, ಕೂಸಿಗೆ ಗ್ರೈಪ್ ವಾಟರ್ ಹಾಕಿದ್ದೀರಾ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.