ಹಳೆಯ ಕಾಗದ, ಸಾಮಾನಿನ ಚೀಟಿ, ಡೈರಿಯ ಸಾಲು: ಹೆಕ್ಕಿ ಕಟ್ಟುವ ಕವಿತೆ

ಸ್ನೇಹಿತರೆ,

ಈಗಾಗಲೇ ಬರೆದಿರುವ, ಕವಿತೆಯಾಗಬೇಕೆಂಬ ಉದ್ದೇಶವೇ ಇಲ್ಲದ ಬರಹದಿಂದ ಮಾತುಗಳನ್ನು ಹೆಕ್ಕಿ, ಕತ್ತರಿಸಿ, ಜೋಡಿಸಿ ಕಟ್ಟುವ ಕವಿತೆಯನ್ನು ಫೌಂಡ್ ಪೊಯಮ್ ಎನ್ನುತ್ತಾರೆ. ಅಮೆರಿಕದ ಕವಿ ಚಾರ್ಲ್ಸ್ ರೆಜ್ನಿಕಾಫ್ ಅವರು ಕಾನೂನು ಓದಿದವರು. ಹಳೆಯ ನ್ಯಾಯಾಲಯದ ದಾಖಲೆಗಳಲ್ಲಿದ್ದ ಸಾಕ್ಷಿಗಳ ಹೇಳಿಕೆಗಳಿಂದ ದೀರ್ಘ ಕಾವ್ಯವನ್ನೇ ಕಟ್ಟಿದರು. ಆ ಸಾಕ್ಷಿಗಳು ಯಾರೂ ಅವರಿಗೆ ಪರಿಚಿತರಲ್ಲ, ಆದ್ದರಿಂದ ಪುಟದ ಮೇಲಿದ್ದುದಷ್ಟೇ ಅವರ ಸಾಮಗ್ರಿ. ನಮ್ಮದೇ ಟ್ರಂಕಿನ ಕಾಗದಗಳಿಂದ ಕವಿತೆ ಕಟ್ಟುವವರ ಕಷ್ಟ ಇದಕ್ಕೆ ತದ್ವಿರುದ್ಧವಾದದ್ದು. ಪ್ರತಿಯೊಂದು ಚೀಟಿಯ ಹಿಂದಿನ ಕಥೆಯೂ ನಮಗೆ ಗೊತ್ತಿರುತ್ತದೆ. ಹಾಗಾಗಿ ಕಾಗದ ಹೇಳಿದ್ದು ಯಾವುದು, ನಮ್ಮ ನೆನಪು ಸೇರಿಸುತ್ತಿರುವುದು ಯಾವುದು ಎಂಬುದು ನಮಗೇ ಕಾಣದೆ ಹೋಗುತ್ತದೆ. ಇಂದು ನಾನು ಈ ಒಂದು ವಿಷಯದ ಬಗ್ಗೆಯೇ ಮಾತನಾಡುತ್ತೇನೆ.

ಮೊದಲು ಸಾಮಗ್ರಿಯ ಆಯ್ಕೆ. ಮೂವತ್ತು ವರ್ಷಗಳ ಕಾಗದವನ್ನೆಲ್ಲ ಹರಡಿಕೊಂಡು ಚೆನ್ನಾದ ಸಾಲುಗಳನ್ನು ಆರಿಸಿದರೆ ಸಿಗುವುದು ಸುಂದರ ಸಾಲುಗಳ ಸಂಗ್ರಹವೇ ಹೊರತು ಕವಿತೆಯಲ್ಲ. ಒಂದೇ ತಿಂಗಳ ಒಳಗಿನ ಒಂದು ಕಾಗದ, ಒಂದು ಚೀಟಿ, ಡೈರಿಯ ಎರಡು ಪುಟ ಸಾಕು. ಒಂದೇ ಕಾಲದ ಬರಹಗಳಲ್ಲಿ ಒಂದೇ ವಸ್ತು ಬೇರೆ ಬೇರೆ ಕೈಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಕವಿತೆ ಹುಟ್ಟುವುದು ಆ ಎರಡು ಕಡೆಯ ನಡುವೆಯೇ.

ಆಮೇಲೆ ನಕಲು. ಮೂಲ ಕಾಗದಕ್ಕೆ ಕತ್ತರಿ ಹಾಕಬಾರದು. ಪ್ರತಿ ವಾಕ್ಯವನ್ನೂ ಒಂದೊಂದು ಚೀಟಿಯ ಮೇಲೆ ಕೈಯಾರೆ ಬರೆದುಕೊಂಡು, ಮೂಲೆಯಲ್ಲಿ ಕಾಗದದ್ದಾದರೆ ‘ಕಾ’, ಸಾಮಾನಿನ ಪಟ್ಟಿಯದಾದರೆ ‘ಪ’, ಡೈರಿಯದಾದರೆ ‘ಡೈ’ ಎಂದು ಗುರುತಿಡಬೇಕು. ಕಾಗುಣಿತದ ತಪ್ಪು, ಹೊಡೆದುಹಾಕಿದ ಪದ, ತೂಕ, ಅಳತೆ ಎಲ್ಲವೂ ಇದ್ದಂತೆಯೇ ಬರಬೇಕು. ಇನ್‌ಲ್ಯಾಂಡ್ ಪತ್ರವಾದರೆ ಅಂಚಿನಲ್ಲಿ, ಮಡಿಸಿ ಅಂಟಿಸುವ ಪಟ್ಟಿಯ ಮೇಲೆ ಅಡ್ಡಡ್ಡಲಾಗಿ ಬರೆದ ಸಾಲುಗಳನ್ನು ತಪ್ಪದೆ ನೋಡಬೇಕು. ‘ಉಭಯ ಕುಶಲೋಪರಿ’ಯ ಮರ್ಯಾದೆಯೆಲ್ಲ ಮುಗಿದು, ಜಾಗವೂ ಮುಗಿದ ಮೇಲೆ ಬರೆದ ಮಾತು ಅಲ್ಲಿರುತ್ತದೆ, ನನ್ನ ಅನುಭವದಲ್ಲಿ ಪತ್ರದ ಅತ್ಯಂತ ಜೀವಂತ ಸಾಲು ಬಹಳ ಸಲ ಅಲ್ಲಿಯೇ ಸಿಕ್ಕಿದೆ. ಇತ್ತೀಚಿನ ಅಂಗಡಿ ಬಿಲ್ಲುಗಳನ್ನಂತೂ ಬೇಗನೆ ನಕಲು ಮಾಡಿಕೊಳ್ಳಿ, ಏಕೆಂದರೆ ಶಾಖದಿಂದ ಮುದ್ರಿಸುವ ಆ ಕಾಗದದ ಅಕ್ಷರ ಕಾಲಕ್ರಮೇಣ ಮಾಸುತ್ತದೆ.

ನಾನು ಪಾಲಿಸುವ ನಿಯಮ ಇಷ್ಟೇ: ಬಿಡಬಹುದು, ಕ್ರಮ ಬದಲಿಸಬಹುದು, ಸಾಲನ್ನು ಎಲ್ಲಿ ಬೇಕಾದರೂ ಮುರಿಯಬಹುದು, ಒಂದೇ ಒಂದು ಪದವನ್ನೂ ಸೇರಿಸುವಂತಿಲ್ಲ. ಶೀರ್ಷಿಕೆಯೂ ಕಾಗದದಿಂದಲೇ ಬರಬೇಕು. ಬೇರೆಯವರು ಇಷ್ಟು ಬಿಗಿಯಾಗಿರುವುದಿಲ್ಲ, ಅದು ಅವರ ಆಯ್ಕೆ. ಸ್ವಂತ ಕಾಗದಗಳ ವಿಷಯದಲ್ಲಿ ಮಾತ್ರ ಈ ಬಿಗಿ ಬೇಕೇ ಬೇಕು ಎಂದು ನಾನು ನಂಬುತ್ತೇನೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ನಾನು ರಾಜಾಜಿನಗರದ ಬಾಡಿಗೆ ಕೋಣೆಯೊಂದರಲ್ಲಿದ್ದಾಗ, ಸಂಕ್ರಾಂತಿಗೆ ಮುಂಚೆ ತಿಪಟೂರಿನಿಂದ ನನ್ನ ತಾಯಿ ಬರೆದ ಪತ್ರದಲ್ಲಿ ಕ್ಷೇಮಸಮಾಚಾರ, ತಂದೆಯವರ ಮೊಣಕಾಲು ನೋವು, ನೆಂಟರ ಮದುವೆ ಎಲ್ಲ ಆದ ಮೇಲೆ ‘ಕೊಬ್ಬರಿಗೆ ಈ ಸಲ ರೇಟಿಲ್ಲ’ ಎಂದಿದೆ. ಅಂಚಿನಲ್ಲಿ ‘ಹಬ್ಬಕ್ಕೆ ಬರುವುದಾದರೆ ಮುಂಚೆ ತಿಳಿಸುವುದು, ಹಾಸಿಗೆ ಬಿಸಿಲಿಗೆ ಹಾಕಬೇಕು’ ಎಂದಿದೆ. ಅದೇ ವಾರದ ನನ್ನ ಸಾಮಾನಿನ ಚೀಟಿಯಲ್ಲಿ ಎಳ್ಳು, ಕಡಲೆಕಾಯಿ ಬೀಜ, ಬೆಲ್ಲ, ಮತ್ತು ಬರೆದು ಗೆರೆ ಎಳೆದ ಕೊಬ್ಬರಿ. ಡೈರಿಯ ಎರಡು ಪುಟಗಳಲ್ಲಿ ಓ.ಟಿ., ಬಸ್ಸಿಗಾಗಿ ಕಾದದ್ದು, ‘ರಜೆ ಕೇಳಲಿಲ್ಲ’, ಮತ್ತು ಎರಡೂ ದಿನ ‘ಕಾಗದ ಬರೆಯಬೇಕು’. ಕಟ್ಟಿದ ಮೇಲೆ ಅದು ಹೀಗಾಯಿತು:

ಮುಂಚೆ ತಿಳಿಸುವುದು

ಹಬ್ಬಕ್ಕೆ ಬರುವುದಾದರೆ
ಮುಂಚೆ ತಿಳಿಸುವುದು
ರಜೆ ಕೇಳಲಿಲ್ಲ
ಕಾಗದ ಬರೆಯಬೇಕು

ಎಳ್ಳು 100 ಗ್ರಾಂ
ಕಡಲೆಕಾಯಿ ಬೀಜ 100 ಗ್ರಾಂ
ಬೆಲ್ಲ ಒಂದು ಅಚ್ಚು
ಕೊಬ್ಬರಿ

ಕೊಬ್ಬರಿಗೆ ಈ ಸಲ ರೇಟಿಲ್ಲ
ಹಾಸಿಗೆ ಬಿಸಿಲಿಗೆ ಹಾಕಬೇಕು
ಕಾಗದ ಬರೆಯಬೇಕು

ಎರಡನೆಯ ಭಾಗದ ಕೊನೆಯ ‘ಕೊಬ್ಬರಿ’ಯ ಮೇಲೆ ಮೂಲದಲ್ಲಿರುವ ಗೆರೆಯನ್ನು ಅಚ್ಚಿನಲ್ಲಿಯೂ ಉಳಿಸಿಕೊಳ್ಳಬೇಕು, ಗಟ್ಟಿಯಾಗಿ ಓದುವಾಗ ಅದು ಕೇಳಿಸುವುದಿಲ್ಲ, ಇದು ಈ ಕವಿತೆಯ ಒಂದು ಮಿತಿ. ಕೊಬ್ಬರಿಯಿಲ್ಲದೆ ಎಳ್ಳುಬೆಲ್ಲ ಪೂರ್ತಿಯಾಗುವುದಿಲ್ಲವೆಂಬುದು ನಮ್ಮವರಿಗೆಲ್ಲ ಗೊತ್ತು, ಆದ್ದರಿಂದ ಅದನ್ನು ಹೇಳಬೇಕಾಗಿಲ್ಲ. ಕೊಬ್ಬರಿ ಬೆಳೆಯುವ ಮನೆಯಲ್ಲಿ ಅದಕ್ಕೆ ಬೆಲೆಯಿಲ್ಲ, ಅದೇ ಮನೆಯ ಮಗು ಊರು ಬಿಟ್ಟು ಬಂದ ಕಡೆ ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ ಎಂಬುದನ್ನು ಎರಡು ಚೀಟಿಗಳು ಪಕ್ಕಪಕ್ಕ ಕುಳಿತೇ ಹೇಳಿಬಿಡುತ್ತವೆ. ಪಟ್ಟಿಗೆ ಕ್ರಿಯಾಪದವಿಲ್ಲ, ತಾಯಿಯ ಮಾತು ‘ತಿಳಿಸುವುದು’ ಎಂಬ ಪತ್ರದ ಧಾಟಿಯಲ್ಲಿದೆ, ಕೊನೆಯಲ್ಲಿ ‘ಹಾಕಬೇಕು’, ‘ಬರೆಯಬೇಕು’ ಎಂದು ಇಬ್ಬರ ಸಾಲೂ ಒಂದೇ ರೀತಿ ಮುಗಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಇಂಥ ಅಂತ್ಯಪ್ರಾಸ ಹೇರಳವಾಗಿ ಸಿಗುತ್ತದೆ, ಮತ್ತು ಅದೇ ಅಪಾಯವೂ ಹೌದು. ನಾಲ್ಕೈದು ಕಡೆ ಬಂದರೆ ಅದು ಜೋಡಿಸಿದ ಜಾಣತನವಾಗಿ ಕೇಳಿಸುತ್ತದೆ. ಮೊಣಕಾಲು ನೋವನ್ನು ‘ಎಣ್ಣೆ ಹಚ್ಚಬೇಕು’ ಎಂಬ ಸಾಲಿನೊಡನೆ ಸೇರಿಸಲು ಸಾಧ್ಯವಿದ್ದರೂ ಬಿಟ್ಟದ್ದು ಆ ಕಾರಣಕ್ಕೆ.

‘ರಜೆ ಕೇಳಲಿಲ್ಲ’ ಎಂಬ ಚೀಟಿಯ ಸ್ಥಾನ ಹೆಚ್ಚು ಯೋಚನೆಯನ್ನು ಬೇಡಿತು. ಅದನ್ನು ಕೊನೆಯಲ್ಲಿಟ್ಟರೆ ಇಡೀ ಕವಿತೆ ಒಂದು ತಪ್ಪೊಪ್ಪಿಗೆಯಾಗುತ್ತದೆ. ಬಿಟ್ಟರೆ, ನಮ್ಮ ಮನೆಯನ್ನು ಅರಿಯದ ಓದುಗರಿಗೆ ಇದು ಬರಿಯ ಸೋಮಾರಿತನವೆಂದು ತೋರುತ್ತದೆ. ಮೂರನೆಯ ಸಾಲಿನಲ್ಲಿಟ್ಟಾಗ ಅದು ಒಂದು ಸಂಗತಿಯಾಗಿ ಮಾತ್ರ ಉಳಿದು, ಮುಂದಿನ ಪಟ್ಟಿಯನ್ನು ಓದುವ ರೀತಿಯನ್ನು ಬದಲಿಸುತ್ತದೆ. ‘ಆ ವರ್ಷ ನಾನು ಊರಿಗೆ ಹೋಗಲಿಲ್ಲ’ ಎಂದು ಬರೆಯಲು ಕೈ ತಾನಾಗಿ ಹೊರಡುವುದೂ ಇಲ್ಲಿಯೇ. ಯಾವ ಕಾಗದದಲ್ಲಿಯೂ ಆ ವಾಕ್ಯವಿಲ್ಲ. ಹೋದೆನೇ ಇಲ್ಲವೇ ಎಂಬುದು ಚೀಟಿಗಳಿಗೆ ತಿಳಿದಿಲ್ಲ, ಆದ್ದರಿಂದ ಕವಿತೆಗೂ ತಿಳಿದಿರಬಾರದು.

ಇದನ್ನು ಪರೀಕ್ಷಿಸಲು ನಿಮ್ಮ ಮನೆಯವರಲ್ಲದ ಒಬ್ಬರಿಗೆ ಓದಿ ಹೇಳಿ, ಮತ್ತು ಸುಮ್ಮನಿರಿ. ‘ಅಂದರೆ ಏನಾಗಿತ್ತೆಂದರೆ’ ಎಂದು ಬಾಯಿ ತೆರೆಯಬೇಕೆನಿಸಿದ ಕಡೆ ಕವಿತೆ ನಿಮ್ಮ ನೆನಪಿನ ಮೇಲೆ ನಿಂತಿದೆ ಎಂದು ಅರ್ಥ. ಆಗ ಮತ್ತೆ ಕಾಗದಗಳಿಗೆ ಹೋಗಿ, ಬಿಟ್ಟ ಚೀಟಿಗಳಲ್ಲಿ ಆ ಕೆಲಸವನ್ನು ಮಾಡಬಲ್ಲದ್ದು ಇದೆಯೇ ನೋಡಬೇಕು. ಇಲ್ಲದಿದ್ದರೆ ಆ ಭಾಗವನ್ನೇ ಬಿಡಬೇಕು. ಕೇಳಿದವರು ಹಳೆಯ ಸೋಪಿನ ಹೆಸರಿಗೋ ಆ ಕಾಲದ ದರಕ್ಕೋ ಖುಷಿಪಟ್ಟು ಅಲ್ಲಿಗೇ ನಿಂತರೆ ಅದೂ ಒಂದು ಸೂಚನೆ. ನನ್ನ ಚೀಟಿಯಲ್ಲಿದ್ದ ಬೆಲೆಗಳನ್ನು ನಾನು ತೆಗೆದು ತೂಕಗಳನ್ನಷ್ಟೇ ಉಳಿಸಿದ್ದು ಇದಕ್ಕಾಗಿ. ತೂಕ ಒಬ್ಬರ ಅಡಿಗೆಮನೆಯನ್ನು ತೋರಿಸುತ್ತದೆ, ಬೆಲೆಯಾದರೋ ಕೇಳುಗರನ್ನು ತಮ್ಮ ತಮ್ಮ ಬಾಲ್ಯಕ್ಕೆ ಕರೆದೊಯ್ಯುತ್ತದೆ.

ಪ್ರಕಟಣೆಯ ವಿಷಯದಲ್ಲಿ ಒಂದು ಮಾತು. ನಮ್ಮ ಬಳಿ ಉಳಿದಿರುವ ಪತ್ರಗಳು ಹೆಚ್ಚಾಗಿ ನಮಗೆ ಬಂದವು, ನಾವು ಬರೆದವಲ್ಲ. ಕಾಗದ ನಮ್ಮದಾದರೂ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದರಲ್ಲಿರುವ ಬರಹದ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಮನೆಯೊಳಗೆ ಓದಿಕೊಳ್ಳುವುದು ಬೇರೆ, ಅಚ್ಚಿಗೆ ಕೊಡುವಾಗ ಕೇಳಲೇಬೇಕು. ಕೇಳುವಾಗ ಮೂಲಪತ್ರವನ್ನಲ್ಲದೆ ಕಟ್ಟಿದ ಕವಿತೆಯನ್ನೂ ತೋರಿಸಿ, ಏಕೆಂದರೆ ಕತ್ತರಿಸಿದ ಮೇಲೆ ಅವರ ಮಾತಿನ ಅರ್ಥ ಬದಲಾಗಿರಬಹುದು. ಅವರು ಬೇಡವೆಂದರೆ ಆ ಸಾಲುಗಳನ್ನು ತೆಗೆದು ಉಳಿದದ್ದನ್ನು ಓದಿ ನೋಡಿ. ಮೇಲಿನ ಕವಿತೆಯಲ್ಲಿ ತಾಯಿಯ ಸಾಲುಗಳನ್ನು ತೆಗೆದರೆ ‘ಕಾಗದ ಬರೆಯಬೇಕು’ ಎಂಬುದು ಯಾರಿಗೆಂದು ತಿಳಿಯುವುದಿಲ್ಲ, ಹೊಡೆದುಹಾಕಿದ ಕೊಬ್ಬರಿಯೂ ಬರಿಯ ಉಳಿತಾಯವಾಗುತ್ತದೆ. ಅಂಥ ಸಂದರ್ಭದಲ್ಲಿ ಅದನ್ನು ತೇಪೆ ಹಾಕಿ ಉಳಿಸಿಕೊಳ್ಳದೆ, ಬೇರೊಂದು ತಿಂಗಳ ಕಾಗದಗಳನ್ನು ತೆರೆಯುವುದೇ ಸರಿ.